ಹಳೆಯ ಮದುವೆ ಮುಗಿದ ದಿನ

ಅಮೆರಿಕದ ಪೌರತ್ವವನ್ನೋ ಗ್ರೀನ್ ಕಾರ್ಡನ್ನೋ ಹೊಂದಿರುವ ವ್ಯಕ್ತಿಯೊಬ್ಬರು ಭಾರತದಲ್ಲಿರುವ ತಮ್ಮ ಪತಿ ಅಥವಾ ಪತ್ನಿಯನ್ನು ಅಲ್ಲಿಗೆ ಕರೆಸಿಕೊಳ್ಳಲು ಸಲ್ಲಿಸಬೇಕಾದ ಮೊದಲ ಅರ್ಜಿ ಐ-130 ಎಂಬ ನಮೂನೆಯದು. ಈ ಅರ್ಜಿಯೊಂದಿಗೆ ಈಗಿನ ಮದುವೆಯ ಪ್ರಮಾಣಪತ್ರವನ್ನು ಇಡಬೇಕೆಂಬುದು ಎಲ್ಲರಿಗೂ ತಿಳಿದಿರುತ್ತದೆ. ಆದರೆ ಗಂಡ ಹೆಂಡಿರಿಬ್ಬರಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿದ್ದರೆ ಅಂಥ ಪ್ರತಿಯೊಂದು ಮದುವೆಯೂ ಕಾನೂನಿನ ಪ್ರಕಾರ ಕೊನೆಗೊಂಡಿದೆ ಎಂಬುದನ್ನು ವಿಚ್ಛೇದನದ ಡಿಕ್ರಿಯಿಂದಲೋ ಮರಣ ಪ್ರಮಾಣಪತ್ರದಿಂದಲೋ ತೋರಿಸಬೇಕೆಂಬ ಎರಡನೆಯ ಷರತ್ತು ಅಷ್ಟೇ ಕಡ್ಡಾಯವಾದದ್ದು, ಮತ್ತು ಅರ್ಜಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಅರ್ಜಿ ಹಾಕುವವರನ್ನು ಅರ್ಜಿದಾರರೆಂದೂ ಯಾರಿಗಾಗಿ ಹಾಕಲಾಗುತ್ತದೆಯೋ ಅವರನ್ನು ಫಲಾನುಭವಿಯೆಂದೂ ಕರೆಯುವ ಈ ವ್ಯವಸ್ಥೆಯಲ್ಲಿ ದಾಖಲೆಯ ಹೊರೆ ಇಬ್ಬರ ಮೇಲೂ ಸಮನಾಗಿದೆ. ಅಮೆರಿಕದಲ್ಲಿರುವ ಗಂಡನ ಹಳೆಯ ಮದುವೆಯನ್ನು ಅಲ್ಲಿಯ ಸರ್ಕಾರ ತಾನಾಗಿಯೇ ಅರಿತಿರುತ್ತದೆ ಎಂದಾಗಲಿ, ಹಳ್ಳಿಯಲ್ಲಿ ಆಗಿ ಮೂರೇ ತಿಂಗಳಲ್ಲಿ ಮುರಿದುಬಿದ್ದು ಎಲ್ಲಿಯೂ ನೋಂದಣಿಯಾಗದ ಹೆಂಡತಿಯ ಮೊದಲ ಮದುವೆ ಲೆಕ್ಕಕ್ಕಿಲ್ಲ ಎಂದಾಗಲಿ ಭಾವಿಸುವಂತಿಲ್ಲ.

ಈ ಷರತ್ತಿನ ತಿರುಳು ಇರುವುದು ಒಂದು ದಿನಾಂಕದಲ್ಲಿ. ಹಳೆಯ ಮದುವೆ ಈಗ ಮುಗಿದಿದೆಯೇ ಎಂಬುದಲ್ಲ, ಹೊಸ ಮದುವೆ ನಡೆದ ದಿನದಂದು ಅದು ಮುಗಿದಿತ್ತೇ ಎಂಬುದು ಅಧಿಕಾರಿಯ ಪ್ರಶ್ನೆ. 1955ರ ಹಿಂದೂ ವಿವಾಹ ಕಾಯಿದೆಯ 5ನೇ ಕಲಮು ಮದುವೆಯ ಸಮಯದಲ್ಲಿ ವಧೂವರರಿಬ್ಬರಿಗೂ ಜೀವಂತ ಸಂಗಾತಿ ಇರಕೂಡದೆಂದು ಹೇಳುತ್ತದೆ, 11ನೇ ಕಲಮು ಅದನ್ನು ಮೀರಿದ ಮದುವೆಯನ್ನು ಅನೂರ್ಜಿತವೆಂದು, ಅಂದರೆ ಮೊದಲಿನಿಂದಲೂ ಆಗಿಯೇ ಇಲ್ಲದ ಮದುವೆಯೆಂದು ಪರಿಗಣಿಸುತ್ತದೆ. ಹಾಗೆ ಆಗಿಯೇ ಇಲ್ಲದ ಮದುವೆಗೆ ಆಮೇಲೆ ಬಂದ ವಿಚ್ಛೇದನ ಜೀವ ತುಂಬಲಾರದು. ಮದುವೆ ಎಲ್ಲಿ ನಡೆಯಿತೋ ಅಲ್ಲಿಯ ಕಾನೂನಿನ ಪ್ರಕಾರ ಅದು ಊರ್ಜಿತವೇ ಎಂಬುದನ್ನು ಮೊದಲು ನೋಡುವುದು ಅಮೆರಿಕದ ವಲಸೆ ಕಾನೂನಿನ ರೂಢಿಯಾದ್ದರಿಂದ ಹಾಸನದ ಕಲ್ಯಾಣಮಂಟಪದಲ್ಲಿ ನಡೆದ ಮದುವೆಗೆ ಹಾಸನದಲ್ಲಿ ಅನ್ವಯವಾಗುವ ಕಾನೂನೇ ಮೊದಲ ಅಳತೆಗೋಲು.

ಭಾರತೀಯ ದಾಖಲೆಗಳ ತೊಡಕು ಶುರುವಾಗುವುದು ಹೆಸರಿನಿಂದಲೇ. ಅಮೆರಿಕದ ನಮೂನೆಗಳಲ್ಲಿ ವಿಚ್ಛೇದನ ಪ್ರಮಾಣಪತ್ರ ಎಂಬ ಮಾತು ಬರುತ್ತದೆ, ಅಲ್ಲಿಯ ಕೆಲವು ರಾಜ್ಯಗಳು ಅಂಥದೊಂದು ಪತ್ರವನ್ನು ನಿಜವಾಗಿಯೂ ಕೊಡುತ್ತವೆ. ಭಾರತದ ಬಹುತೇಕ ಕಡೆ ಜನನ ಮರಣಗಳಿಗಿರುವಂತೆ ವಿಚ್ಛೇದನಕ್ಕೆ ಒಂದು ನೋಂದಣಿ ಪುಸ್ತಕವೂ ಇಲ್ಲ, ಅದರಿಂದ ಕತ್ತರಿಸಿ ಕೊಡುವ ಪ್ರಮಾಣಪತ್ರವೂ ಇಲ್ಲ. ಮದುವೆಯನ್ನು ನೋಂದಾಯಿಸಿದ ಉಪನೋಂದಣಾಧಿಕಾರಿಯ ಕಚೇರಿಗೆ ಆ ಮದುವೆ ಮುರಿದದ್ದು ಸಾಮಾನ್ಯವಾಗಿ ತಿಳಿಯುವುದೇ ಇಲ್ಲ, ಹಳೆಯ ನಮೂದು ಹಾಗೆಯೇ ಉಳಿದಿರುತ್ತದೆ. ಇಲ್ಲಿ ಸಾಕ್ಷಿಯಾಗಿ ನಿಲ್ಲುವುದು ಕೌಟುಂಬಿಕ ನ್ಯಾಯಾಲಯ ಅಥವಾ ಅದು ಇಲ್ಲದ ಕಡೆ ಸಿವಿಲ್ ನ್ಯಾಯಾಲಯ ಕೊಡುವ ಡಿಕ್ರಿಯ ದೃಢೀಕೃತ ನಕಲು ಮಾತ್ರ.

ತೀರ್ಪು ಮತ್ತು ಡಿಕ್ರಿ ಒಂದೇ ಅಲ್ಲವೆಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. ನ್ಯಾಯಾಧೀಶರು ಕಾರಣಗಳನ್ನು ವಿವರಿಸಿ ಬರೆಯುವ, ಹಲವು ಪುಟಗಳಿಗೆ ಬೆಳೆಯುವ ಬರಹ ತೀರ್ಪು. ಆ ತೀರ್ಪಿನ ಫಲವನ್ನಷ್ಟೇ ಕಾನೂನಿನ ಭಾಷೆಯಲ್ಲಿ ಒಂದೆರಡು ಪುಟದಲ್ಲಿ ಬರೆದು, ಪ್ರಕರಣದ ಸಂಖ್ಯೆ, ಪಕ್ಷಗಾರರ ಹೆಸರು, ಮದುವೆಯಾದ ದಿನಾಂಕ ಮತ್ತು ಆ ಮದುವೆ ರದ್ದಾಯಿತೆಂಬ ಮಾತನ್ನು ಹೇಳುವುದು ಡಿಕ್ರಿ. ಸಿವಿಲ್ ಪ್ರಕ್ರಿಯಾ ಸಂಹಿತೆ ತೀರ್ಪಾದ 15 ದಿನಗಳೊಳಗೆ ಡಿಕ್ರಿ ಸಿದ್ಧವಾಗಬೇಕೆನ್ನುತ್ತದಾದರೂ ಕಚೇರಿಯ ವೇಗ ಕಚೇರಿಯದೇ. ನ್ಯಾಯಾಲಯದ ಜಾಲತಾಣದಿಂದ ಇಳಿಸಿಕೊಂಡ ಆದೇಶದ ಪ್ರತಿ ಓದಲು ಸಾಕಾದರೂ ಅದು ದೃಢೀಕೃತ ನಕಲಲ್ಲ. ನಕಲು ಶಾಖೆಗೆ ಅರ್ಜಿ ಹಾಕಿ ಪಡೆದ ಪ್ರತಿಯ ಕೊನೆಯ ಪುಟದ ಹಿಂಬದಿಯಲ್ಲಿ ನ್ಯಾಯಾಲಯದ ಮೊಹರಿನ ಜೊತೆಗೆ ಒಂದು ಸಣ್ಣ ಚೌಕದಲ್ಲಿ ನಕಲಿಗೆ ಅರ್ಜಿ ಬಂದ ದಿನ, ನಕಲು ಸಿದ್ಧವಾದ ದಿನ, ಅದನ್ನು ಕೊಟ್ಟ ದಿನ ಎಂದು ಸಾಲಾಗಿ ಬರೆದಿರುತ್ತದೆ. ಎಷ್ಟೋ ಮಂದಿ ಸ್ಕ್ಯಾನ್ ಮಾಡುವಾಗ ಈ ಹಿಂಬದಿಯನ್ನು ಖಾಲಿ ಹಾಳೆಯೆಂದು ಬಿಟ್ಟುಬಿಡುತ್ತಾರೆ. ಕಾಗದ ನ್ಯಾಯಾಲಯದಿಂದಲೇ ಬಂದದ್ದೆಂದು ಹೇಳುವ ಗುರುತು ಇರುವುದು ಆ ಬದಿಯಲ್ಲಿಯೇ. ಹಿಂದೂ ವಿವಾಹ ಕಾಯಿದೆಯ 23ನೇ ಕಲಮು ವಿಚ್ಛೇದನದ ಡಿಕ್ರಿಯ ಒಂದು ಪ್ರತಿಯನ್ನು ಪಕ್ಷಗಾರರಿಬ್ಬರಿಗೂ ಉಚಿತವಾಗಿ ಕೊಡಬೇಕೆಂದು ಹೇಳುತ್ತದೆ. ಆದರೆ ಹತ್ತು ವರ್ಷಗಳ ಹಿಂದೆ ಬಿಡುಗಡೆ ಪಡೆದು ಆ ಪ್ರತಿಯನ್ನು ಕಳೆದುಕೊಂಡವರು ಮತ್ತೆ ನಕಲು ಅರ್ಜಿ ಹಾಕಲು ಪ್ರಕರಣದ ಸಂಖ್ಯೆಯೊಂದನ್ನಾದರೂ ಬರೆದಿಟ್ಟುಕೊಂಡಿರುವುದು ಒಳ್ಳೆಯದು.

ಡಿಕ್ರಿ ಕನ್ನಡದಲ್ಲಿದ್ದರೆ ಅದರ ಸಂಪೂರ್ಣ ಇಂಗ್ಲಿಷ್ ಅನುವಾದವನ್ನು ಜೊತೆಗಿಡಬೇಕು. ಸಾರಾಂಶ ನಡೆಯುವುದಿಲ್ಲ; ಮೊಹರಿನ ಅಕ್ಷರಗಳೂ ಅಂಚಿನ ಟಿಪ್ಪಣಿಗಳೂ ಅನುವಾದದಲ್ಲಿ ಬರಬೇಕು, ಅನುವಾದ ಸಂಪೂರ್ಣವೂ ನಿಖರವೂ ಆಗಿದೆಯೆಂದು ಮತ್ತು ಆ ಎರಡು ಭಾಷೆಗಳ ನಡುವೆ ಅನುವಾದಿಸಲು ತನಗೆ ಸಾಮರ್ಥ್ಯವಿದೆಯೆಂದು ಅನುವಾದಕರು ಲಿಖಿತವಾಗಿ ದೃಢೀಕರಿಸಿ ಸಹಿ ಮಾಡಬೇಕು. ಸರ್ಕಾರದ ಮಾನ್ಯತೆ ಪಡೆದ ಅನುವಾದಕರೇ ಆಗಬೇಕೆಂಬ ನಿಯಮವಿಲ್ಲ. ಆದರೆ ಅರ್ಜಿದಾರರೇ ತಮ್ಮ ದಾಖಲೆಯನ್ನು ಅನುವಾದಿಸುವುದು ಅನಗತ್ಯವಾದ ಸಂಶಯಕ್ಕೆ ಎಡೆಕೊಡುತ್ತದೆ.

ಡಿಕ್ರಿಯಾದ ಮಾರನೆಯ ದಿನವೇ ಮತ್ತೆ ಮದುವೆಯಾಗಬಹುದೇ ಎಂಬುದಕ್ಕೆ ಹಿಂದೂ ವಿವಾಹ ಕಾಯಿದೆಯ 15ನೇ ಕಲಮು ಉತ್ತರ ಕೊಡುತ್ತದೆ. ಮೇಲ್ಮನವಿಯ ಹಕ್ಕೇ ಇಲ್ಲದಿದ್ದರೆ, ಅಥವಾ ಅದರ ಅವಧಿ ಮೇಲ್ಮನವಿಯಿಲ್ಲದೆ ಕಳೆದಿದ್ದರೆ, ಅಥವಾ ಸಲ್ಲಿಸಿದ ಮೇಲ್ಮನವಿ ವಜಾ ಆಗಿದ್ದರೆ ಮಾತ್ರ ಮರುಮದುವೆ ಕಾನೂನುಬದ್ಧ. ಪರಸ್ಪರ ಸಮ್ಮತಿಯಿಂದ ಪಡೆದ ಡಿಕ್ರಿಯ ವಿರುದ್ಧ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ ಮೇಲ್ಮನವಿಗೆ ಅವಕಾಶ ಕೊಡುವುದಿಲ್ಲವಾದ್ದರಿಂದ ಅಲ್ಲಿ ಕಾಯುವ ಪ್ರಶ್ನೆ ಹಗುರ. ವಾದವಿವಾದ ನಡೆದು ಬಂದ ಡಿಕ್ರಿಯಲ್ಲಿ ಮಾತ್ರ ಅವಧಿಯ ಲೆಕ್ಕವೇ ಗೋಜಲಾಗಿದೆ: ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ 30 ದಿನ ಎನ್ನುತ್ತದೆ, 2003ರ ತಿದ್ದುಪಡಿಯ ನಂತರ ಹಿಂದೂ ವಿವಾಹ ಕಾಯಿದೆ 90 ದಿನ ಎನ್ನುತ್ತದೆ. ಎರಡರಲ್ಲಿ ಯಾವುದು ಮೇಲುಗೈ ಎಂಬ ವಾದದಲ್ಲಿ ಸಿಕ್ಕಿಕೊಳ್ಳದೆ ಉದ್ದದ ಅವಧಿಯನ್ನೇ ಕಾಯುವುದು ವಿವೇಕ. ಈ ಅವಧಿಯೊಳಗೆ ಮದುವೆಯಾದ ಮಾತ್ರಕ್ಕೆ ಅದು ಅನೂರ್ಜಿತವಾಗದು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 1978ರಲ್ಲಿಯೂ 2018ರಲ್ಲಿಯೂ ಬೇರೆ ಬೇರೆ ಸಂದರ್ಭಗಳಲ್ಲಿ ತಾಳಿದೆಯೆಂಬುದು ನಿಜವೇ. ಹಾಗಿದ್ದರೂ ಆ ತೀರ್ಪುಗಳನ್ನು ವೀಸಾ ಅಧಿಕಾರಿಯೆದುರು ಹಿಡಿದು ವಾದಿಸುವುದಕ್ಕಿಂತ ಮೂರು ತಿಂಗಳು ತಡೆಯುವುದು ಸುಲಭ. ಎದುರು ಪಕ್ಷ ಹಾಜರಾಗದೆ ಬಂದ ಏಕಪಕ್ಷೀಯ ಡಿಕ್ರಿಯಲ್ಲಿ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ತನಗೆ ಸಮನ್ಸೇ ತಲುಪಿರಲಿಲ್ಲವೆಂದು ತೋರಿಸಿ ಅದನ್ನು ರದ್ದುಪಡಿಸುವಂತೆ ಕೇಳುವ ದಾರಿ ಆ ಪಕ್ಷಕ್ಕೆ ತೆರೆದಿರುತ್ತದೆ.

ಬಿಡುಗಡೆ ಪತ್ರಕ್ಕೆ ಇರುವ ಬೆಲೆ

ಕರ್ನಾಟಕದ ಹಳ್ಳಿಗಳಲ್ಲಿ ಮದುವೆಗಳು ನ್ಯಾಯಾಲಯದ ಮೆಟ್ಟಿಲೇರದೆಯೇ ಮುರಿಯುವುದು ಹೊಸದೇನಲ್ಲ. ಹಿರಿಯರು ಕುಳಿತು ಮಾತಾಡಿ, ಕೊಟ್ಟ ಒಡವೆ ವಸ್ತುಗಳನ್ನು ಹಿಂದಿರುಗಿಸಿ, ಛಾಪಾ ಕಾಗದದ ಮೇಲೆ ಇನ್ನು ಮುಂದೆ ಒಬ್ಬರ ಮೇಲೊಬ್ಬರಿಗೆ ಹಕ್ಕಿಲ್ಲವೆಂದು ಬರೆಸಿ ನೋಟರಿಯ ಮೊಹರು ಹಾಕಿಸುವುದುಂಟು. ಬಿಡುಗಡೆ ಪತ್ರವೆಂದೂ ಉತ್ತರ ಕರ್ನಾಟಕದ ಕೆಲವೆಡೆ ಸೋಡಚೀಟಿಯೆಂದೂ ಕರೆಯುವ ಈ ಕಾಗದವನ್ನು ಹಿಡಿದೇ ಹಲವು ಸಮುದಾಯಗಳಲ್ಲಿ ಉಡಿಕೆ ಅಥವಾ ಕೂಡಿಕೆ ಎಂಬ ಮರುಮದುವೆ ನಡೆದುಬಂದಿದೆ. ಹಿಂದೂ ವಿವಾಹ ಕಾಯಿದೆಯ 29ನೇ ಕಲಮು ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು ಉಳಿಸಿಕೊಟ್ಟಿದೆಯಾದ್ದರಿಂದ ಇಂಥ ಬಿಡುಗಡೆ ಕಾನೂನಿಗೆ ಹೊರಗಿನದೆಂದು ಹೇಳಲಾಗದು. ಆದರೆ ಆ ರೂಢಿ ಆ ಸಮುದಾಯದಲ್ಲಿ ಪುರಾತನವಾಗಿ, ಎಡೆಬಿಡದೆ ನಡೆದುಬಂದಿದೆ ಎಂಬುದನ್ನು ಅದನ್ನು ಹೇಳಿಕೊಳ್ಳುವವರೇ ಸಾಬೀತುಪಡಿಸಬೇಕು, ಸುಪ್ರೀಂ ಕೋರ್ಟ್ 2002ರ ಒಂದು ತೀರ್ಪಿನಲ್ಲಿ ಇದನ್ನು ಸ್ಪಷ್ಟಪಡಿಸಿದೆ. ರೂಢಿಯೇ ಇಲ್ಲದ ಸಮುದಾಯದವರು ನೋಟರಿಯ ಮುಂದೆ ಬರೆಸಿಕೊಂಡ ಕಾಗದಕ್ಕೆ, ಅದರ ಮೇಲೆ ಎಷ್ಟು ರೂಪಾಯಿಯ ಛಾಪಾ ಇದ್ದರೂ, ಮದುವೆಯನ್ನು ಮುಗಿಸುವ ಶಕ್ತಿಯಿಲ್ಲ.

ಅಮೆರಿಕದ ಅಧಿಕಾರಿಗೆ ಆ ರೂಢಿಯ ಪರಿಚಯ ಇರಬೇಕೆಂದು ಯಾರೂ ನಿರೀಕ್ಷಿಸಲಾಗದು. ಪರದೇಶದ ಕಾನೂನು ಹೀಗಿದೆಯೆಂದು ತೋರಿಸುವ ಹೊಣೆ ಅರ್ಜಿದಾರರದ್ದೇ. ಇದಕ್ಕೆ ಬಲವಾದ ದಾರಿಯೆಂದರೆ ಕೌಟುಂಬಿಕ ನ್ಯಾಯಾಲಯದಲ್ಲಿ ಘೋಷಣೆಯ ದಾವೆ ಹೂಡುವುದು. ವ್ಯಕ್ತಿಯೊಬ್ಬರ ವೈವಾಹಿಕ ಸ್ಥಿತಿಯೇನೆಂದು ಘೋಷಿಸುವ ಅಧಿಕಾರವನ್ನು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ 7ನೇ ಕಲಮು ಆ ನ್ಯಾಯಾಲಯಕ್ಕೆ ಕೊಟ್ಟಿದೆ. ಈ ದಾವೆಯ ಲಾಭ ದಿನಾಂಕದ ದೃಷ್ಟಿಯಿಂದ ದೊಡ್ಡದು: ಈಗ ಹೊಸದಾಗಿ ವಿಚ್ಛೇದನ ಪಡೆದರೆ ಹಳೆಯ ಮದುವೆ ಮುಗಿಯುವುದು ಈಗ, ಆಗ ನಡುವೆ ಆದ ಎರಡನೆಯ ಮದುವೆ ಬಿದ್ದುಹೋಗುತ್ತದೆ, ಹಳೆಯ ಮದುವೆ ಇಂಥ ದಿನದಂದೇ ರೂಢಿಯ ಪ್ರಕಾರ ಮುಗಿದಿತ್ತೆಂದು ಘೋಷಣೆಯಾದರೆ ಎರಡನೆಯ ಮದುವೆ ಉಳಿಯುತ್ತದೆ. ಅವಸರದಲ್ಲಿ ಪರಸ್ಪರ ಸಮ್ಮತಿಯ ವಿಚ್ಛೇದನವೊಂದನ್ನು ಪಡೆದು ಅರ್ಜಿಗೆ ಲಗತ್ತಿಸಿ, ಮದುವೆಯ ದಿನಾಂಕ ಅದಕ್ಕಿಂತ ಮೂರು ವರ್ಷ ಹಿಂದಿನದೆಂದು ತಾವೇ ತೋರಿಸಿಕೊಟ್ಟು ಕಕ್ಕಾಬಿಕ್ಕಿಯಾಗುವವರಿಗೆ ಈ ಭೇದ ಮೊದಲೇ ತಿಳಿದಿದ್ದರೆ ಚೆನ್ನಾಗಿರುತ್ತಿತ್ತು.

ನ್ಯಾಯಾಲಯದ ಹೊರಗೆ ತಲಾಕ್ ಅಥವಾ ಖುಲಾದ ಮೂಲಕ ಬೇರೆಯಾದ ಮುಸ್ಲಿಂ ದಂಪತಿಗಳಿಗೂ ಇದೇ ಘೋಷಣೆಯ ದಾರಿ ನೆರವಾಗುತ್ತದೆ; ಒಂದೇ ಉಸಿರಿನಲ್ಲಿ ಹೇಳುವ ತ್ರಿವಳಿ ತಲಾಕನ್ನು 2019ರ ಕಾಯಿದೆ ಅನೂರ್ಜಿತಗೊಳಿಸಿರುವುದರಿಂದ ಆ ಬಗೆಯ ಕಾಗದ ಯಾವ ಮದುವೆಯನ್ನೂ ಮುಗಿಸುವುದಿಲ್ಲ. ಕೆಥೊಲಿಕ್ ಚರ್ಚಿನ ನ್ಯಾಯಮಂಡಳಿ ಮದುವೆ ಅಸಿಂಧುವೆಂದು ಕೊಡುವ ತೀರ್ಮಾನವೂ ಹಾಗೆಯೇ: ಅದಕ್ಕೆ ಸಿವಿಲ್ ಕಾನೂನಿನ ಮಾನ್ಯತೆ ಕೊಡಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ತಳ್ಳಿಹಾಕಿತು. ಜುಡಿಷಿಯಲ್ ಸೆಪರೇಷನ್ ಅಂದರೆ ಮದುವೆ ಉಳಿದಿದ್ದೂ ಬೇರೆ ವಾಸಿಸಲು ನ್ಯಾಯಾಲಯ ಕೊಡುವ ಅನುಮತಿ, ಅದು ವಿಚ್ಛೇದನವಲ್ಲ.

ಕ್ಯಾಲಿಫೋರ್ನಿಯಾದ ಡಿಕ್ರಿ, ಶಿವಮೊಗ್ಗದ ಮುಹೂರ್ತ

ದಿನಾಂಕಗಳು ಹೇಗೆ ಕಾಲಿಗೆ ತೊಡರುತ್ತವೆ ಎಂಬುದನ್ನು ಒಂದು ಕಲ್ಪಿತ ಪ್ರಕರಣದಲ್ಲಿ ಬಿಡಿಸಿ ನೋಡಬಹುದು. ಹಾಸನದ ಕಡೆಯ, ಈಗ ಅಮೆರಿಕದ ಪೌರನಾಗಿ ಕ್ಯಾಲಿಫೋರ್ನಿಯಾದಲ್ಲಿರುವ ವರ. ಮೊದಲ ಹೆಂಡತಿಯೂ ಅದೇ ರಾಜ್ಯದಲ್ಲಿದ್ದು ಇಬ್ಬರೂ ಒಪ್ಪಿ ಅಲ್ಲಿಯ ಕೌಂಟಿ ನ್ಯಾಯಾಲಯದಲ್ಲಿ ವಿಚ್ಛೇದನ ಪಡೆದಿದ್ದಾರೆ. ಆಕೆಗೆ ಸಮನ್ಸು ತಲುಪಿದ್ದು 2022ರ ಡಿಸೆಂಬರ್ 10ರಂದು, ನ್ಯಾಯಾಲಯದ ತೀರ್ಪು ದಾಖಲಾದದ್ದು 2023ರ ಮಾರ್ಚ್ 14ರಂದು. ಮುಂದೆ ಆಷಾಢವೂ ಅದರ ಬೆನ್ನಿಗೇ ಅಧಿಕ ಶ್ರಾವಣವೂ ಬರುವುದರಿಂದ ಅದಕ್ಕೆ ಮೊದಲೇ ಕೆಲಸ ಮುಗಿಸಬೇಕೆಂದು ಹಿರಿಯರು ಜ್ಯೇಷ್ಠ ಮಾಸದಲ್ಲಿ, ಮೇ 25ರಂದು, ಶಿವಮೊಗ್ಗದಲ್ಲಿ ಮುಹೂರ್ತ ಇಟ್ಟಿದ್ದಾರೆ. ತೀರ್ಪಾಗಿ ಎರಡು ತಿಂಗಳ ಮೇಲಾಗಿದೆ, ಸಪ್ತಪದಿಯಾಗಿದೆ, ನಾಲ್ಕು ದಿನಗಳಲ್ಲಿ ಮದುವೆ ನೋಂದಣಿಯೂ ಆಗಿದೆ. ಮೇಲ್ನೋಟಕ್ಕೆ ಕೊರತೆಯೇನೂ ಕಾಣುವುದಿಲ್ಲ.

ಕ್ಯಾಲಿಫೋರ್ನಿಯಾದ ಕಾನೂನು ತೀರ್ಪಿನ ದಿನವನ್ನೂ ವೈವಾಹಿಕ ಸ್ಥಿತಿ ಕೊನೆಗೊಳ್ಳುವ ದಿನವನ್ನೂ ಬೇರೆ ಬೇರೆಯಾಗಿ ಕಾಣುತ್ತದೆ. ಎದುರು ಪಕ್ಷಕ್ಕೆ ಸಮನ್ಸು ತಲುಪಿದ ಅಥವಾ ಆ ಪಕ್ಷ ಹಾಜರಾದ ದಿನದಿಂದ ಆರು ತಿಂಗಳು ಕಳೆಯುವ ಮೊದಲು ಯಾರೂ ಅವಿವಾಹಿತರಾಗುವಂತಿಲ್ಲ, ತೀರ್ಪು ಅದಕ್ಕಿಂತ ಮೊದಲೇ ಬಂದಿದ್ದರೂ ಸಹ. ಅಲ್ಲಿಯ ಎಫ್‌ಎಲ್-180 ಎಂಬ ತೀರ್ಪಿನ ನಮೂನೆಯಲ್ಲಿ ವೈವಾಹಿಕ ಸ್ಥಿತಿ ಇಂಥ ದಿನ ಕೊನೆಗೊಳ್ಳುತ್ತದೆ ಎಂಬ ಸಾಲು ಪ್ರತ್ಯೇಕವಾಗಿದೆ, ಜೊತೆಗೆ ಬರುವ ಎಫ್‌ಎಲ್-190 ಎಂಬ ಸೂಚನಾಪತ್ರದಲ್ಲಿ ಆ ದಿನ ಬರುವವರೆಗೆ ಇಬ್ಬರೂ ಮರುಮದುವೆಯಾಗಕೂಡದೆಂಬ ಎಚ್ಚರಿಕೆಯೂ ಅಚ್ಚಾಗಿರುತ್ತದೆ. ಈ ಪ್ರಕರಣದಲ್ಲಿ ಆ ಸಾಲಿನಲ್ಲಿರುವುದು ಜೂನ್ 11. ಆಸ್ತಿ ಹಂಚಿಕೆ, ಮಕ್ಕಳ ಪೋಷಣೆ ಮುಂತಾದ ಚೌಕಗಳ ನಡುವೆ ಹುದುಗಿದ ಒಂದು ದಿನಾಂಕವನ್ನು ಬಿಟ್ಟು ಮೇಲಿನ ಮೂಲೆಯ ಮೊಹರಿನ ದಿನಾಂಕವನ್ನು ಓದಿಕೊಂಡದ್ದರಿಂದ ಮದುವೆ ಹದಿನೇಳು ದಿನ ಮುಂಚಿತವಾಗಿ ನಡೆದುಹೋಗಿದೆ. ಮೇ 25ರಂದು ವರನಿಗೆ ಕಾನೂನಿನ ಕಣ್ಣಿನಲ್ಲಿ ಇನ್ನೂ ಹೆಂಡತಿಯಿದ್ದಳು.

ಐ-130 ಸಲ್ಲಿಸಿದಾಗ ಅಧಿಕಾರಿ ಮಾಡುವುದು ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದಷ್ಟೇ. ಹೆಚ್ಚಿನ ಸಾಕ್ಷ್ಯ ಕೇಳುವ ನೋಟಿಸು ಬರಬಹುದು, ಅರ್ಜಿಯನ್ನು ನಿರಾಕರಿಸಲು ಉದ್ದೇಶಿಸಲಾಗಿದೆ ಎಂಬ ನೋಟಿಸೇ ಬರಬಹುದು. ಯಾವುದು ಬಂದರೂ ಕಳಿಸಬೇಕಾದ ಕಾಗದ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ, ಏಕೆಂದರೆ ತಪ್ಪಿರುವುದು ಕಾಗದದಲ್ಲಲ್ಲ, ಮದುವೆಯಲ್ಲಿ. ಇದಕ್ಕಿರುವ ಪರಿಹಾರ ಒಂದೇ: ಜೂನ್ 11ರ ನಂತರದ ಯಾವುದಾದರೊಂದು ದಿನ ಇಬ್ಬರೂ ಮತ್ತೆ ಮದುವೆಯಾಗುವುದು. ಉಪನೋಂದಣಾಧಿಕಾರಿಯ ಬಳಿ ಹೋಗಿ ಹೊಸ ದಿನಾಂಕದ ಪ್ರಮಾಣಪತ್ರವನ್ನಷ್ಟೇ ಬರೆಸಿಕೊಂಡು ಬಂದರೆ ಸಾಲದು. ಹಿಂದೂ ವಿವಾಹ ಕಾಯಿದೆಯಡಿ ವಿಧಿಗಳೇ ನಡೆಯದೆ ಪಡೆದ ನೋಂದಣಿ ಪ್ರಮಾಣಪತ್ರದಿಂದ ಮದುವೆ ಹುಟ್ಟುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಅದಕ್ಕಾಗಿ ಚಿಕ್ಕದಾಗಿಯಾದರೂ ವಿಧಿವತ್ತಾಗಿ ಮತ್ತೆ ಮದುವೆ ನಡೆಯಬೇಕು, ಇಲ್ಲವೇ 1954ರ ವಿಶೇಷ ವಿವಾಹ ಕಾಯಿದೆಯಡಿ 30 ದಿನಗಳ ನೋಟಿಸು ಕೊಟ್ಟು ವಿವಾಹಾಧಿಕಾರಿಯ ಮುಂದೆ ಮದುವೆಯಾಗಬೇಕು. ಅದೇ ಜೋಡಿಗೆ ಮತ್ತೊಂದು ನೋಂದಣಿ ಏತಕ್ಕೆಂದು ಕಚೇರಿಯಲ್ಲಿ ಕೇಳುವುದು ಸಹಜವಾದ್ದರಿಂದ ಕ್ಯಾಲಿಫೋರ್ನಿಯಾದ ತೀರ್ಪಿನ ಪ್ರತಿಯನ್ನು ಅಲ್ಲಿಗೂ ಒಯ್ಯಬೇಕಾಗುತ್ತದೆ.

ಮರುಮದುವೆಯ ಪ್ರಮಾಣಪತ್ರವನ್ನು ಹಳೆಯ ಅರ್ಜಿಗೆ ಸೇರಿಸಲಾಗದು. ಸಲ್ಲಿಸಿದ ದಿನವೇ ಅರ್ಜಿ ಅರ್ಹವಾಗಿರಬೇಕೆಂಬುದು ನಿಯಮ. ಆ ದಿನ ಮದುವೆಯೇ ಇರಲಿಲ್ಲವಾದ್ದರಿಂದ ಹಳೆಯದನ್ನು ಹಿಂತೆಗೆದುಕೊಂಡು, ನಡೆದದ್ದನ್ನು ಒಂದು ಪುಟದಲ್ಲಿ ಮುಚ್ಚುಮರೆಯಿಲ್ಲದೆ ವಿವರಿಸಿ, ಹೊಸ ಶುಲ್ಕದೊಂದಿಗೆ ಹೊಸ ಐ-130 ಹಾಕಬೇಕು. ವರ ಪೌರನಾಗಿರುವುದರಿಂದ ನಷ್ಟ ಕೆಲವು ತಿಂಗಳುಗಳದ್ದು. ಅವನು ಗ್ರೀನ್ ಕಾರ್ಡ್‌ದಾರನಾಗಿದ್ದರೆ ಹೆಂಡತಿಗೆ ವಾರ್ಷಿಕ ಮಿತಿಯುಳ್ಳ ವರ್ಗದಲ್ಲಿ ಸರದಿ ಬರುತ್ತಿತ್ತು, ಅರ್ಜಿ ತಲುಪಿದ ದಿನವೇ ಆ ಸರದಿಯ ಸ್ಥಾನವಾದ್ದರಿಂದ ಹಳೆಯ ಸ್ಥಾನ ಕೈಬಿಟ್ಟುಹೋಗುತ್ತಿತ್ತು. ಇನ್ನೊಂದು ಪರಿಣಾಮವೂ ಉಂಟು: ಅಮೆರಿಕಕ್ಕೆ ಕಾಲಿಡುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಹೆಂಡತಿಗೆ ಸಿಗುವುದು ಎರಡು ವರ್ಷಗಳ ಷರತ್ತಿನ ಗ್ರೀನ್ ಕಾರ್ಡ್, ಆ ಎರಡು ವರ್ಷಗಳ ಎಣಿಕೆ ಶುರುವಾಗುವುದು ಎರಡನೆಯ ತಾಳಿಯಿಂದ.

ಇದು ಕ್ಯಾಲಿಫೋರ್ನಿಯಾವೊಂದರ ವಿಚಿತ್ರವಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ವಿಚ್ಛೇದನದ ತೀರ್ಪು ಮೊದಲು ನೈಸೈ ಎಂಬ ತಾತ್ಕಾಲಿಕ ರೂಪದಲ್ಲಿ ಹೊರಬಿದ್ದು 90 ದಿನಗಳ ನಂತರವೇ ಪೂರ್ಣವಾಗುತ್ತದೆ. ವಿಸ್ಕಾನ್ಸಿನ್‌ನಲ್ಲಿ ವಿಚ್ಛೇದನವಾದವರು ಆರು ತಿಂಗಳವರೆಗೆ ಆ ರಾಜ್ಯದಲ್ಲಿ ಮಾತ್ರವಲ್ಲ, ಬೇರೆಲ್ಲಿಯೂ ಮದುವೆಯಾಗುವಂತಿಲ್ಲ.

ಈ ಪ್ರಕರಣದಲ್ಲಿ ಮೊದಲ ಹೆಂಡತಿ ಅಮೆರಿಕದಲ್ಲಿದ್ದು ವಿಚ್ಛೇದನಕ್ಕೆ ಒಪ್ಪಿದ್ದರಿಂದ ಇನ್ನೊಂದು ದೊಡ್ಡ ತೊಡಕು ತಪ್ಪಿತು. ಅವಳು ಹಾಸನದ ತವರಿನಲ್ಲಿಯೇ ಇದ್ದು, ಅಮೆರಿಕದಿಂದ ಅಂಚೆಯಲ್ಲಿ ಬಂದ ಸಮನ್ಸಿಗೆ ಉತ್ತರಿಸದೆ, ಡಿಕ್ರಿ ಏಕಪಕ್ಷೀಯವಾಗಿ ಆಗಿದ್ದರೆ ಭಾರತದ ಕಾನೂನು ಅದನ್ನು ಒಪ್ಪುತ್ತಿರಲಿಲ್ಲ. ವೈ. ನರಸಿಂಹ ರಾವ್ ಪ್ರಕರಣವೆಂದು ಹೆಸರಾದ 1991ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತಿರುಪತಿಯಲ್ಲಿ ಹಿಂದೂ ವಿಧಿಯಂತೆ ಆದ ಮದುವೆಯನ್ನು ಮಿಸೌರಿಯ ನ್ಯಾಯಾಲಯವೊಂದು ರದ್ದುಮಾಡಿದ್ದನ್ನು ಮಾನ್ಯ ಮಾಡಲಿಲ್ಲ. ಮದುವೆ ಯಾವ ಕಾನೂನಿನಡಿ ಆಯಿತೋ ಆ ಕಾನೂನು ಒಪ್ಪುವ ನ್ಯಾಯಾಲಯ, ಅದು ಒಪ್ಪುವ ಕಾರಣ ಎರಡೂ ಇರಬೇಕು. ಇಲ್ಲವೇ ಎದುರು ಪಕ್ಷ ಮನಃಪೂರ್ವಕವಾಗಿ ಆ ನ್ಯಾಯಾಲಯಕ್ಕೆ ಒಳಪಟ್ಟು ಕಾಯಿದೆ ಒಪ್ಪುವ ಕಾರಣದ ಮೇಲೆ ವಾದಿಸಿರಬೇಕು, ಅಥವಾ ವಿಚ್ಛೇದನಕ್ಕೆ ಸಮ್ಮತಿಸಿರಬೇಕು ಎಂಬುದು ಆ ತೀರ್ಪಿನ ಸಾರ. ಹೀಗಾಗಿ ಒಬ್ಬನೇ ಮನುಷ್ಯ ಅಮೆರಿಕದಲ್ಲಿ ವಿಚ್ಛೇದಿತನಾಗಿಯೂ ಹಾಸನದಲ್ಲಿ ವಿವಾಹಿತನಾಗಿಯೂ ಇರುವ ಸ್ಥಿತಿ ಬರಬಹುದು. ಅಂಥವನು ಕರ್ನಾಟಕಕ್ಕೆ ಬಂದು ಮದುವೆಯಾದರೆ ಹೊಸ ಮದುವೆಯ ಊರ್ಜಿತತೆಯ ಪ್ರಶ್ನೆಯ ಜೊತೆಗೆ ದ್ವಿಪತ್ನಿತ್ವದ ಕ್ರಿಮಿನಲ್ ಮೊಕದ್ದಮೆಯೂ ಎದುರಾಗಬಹುದು. ಮೊದಲ ಹೆಂಡತಿ ಭಾರತದಲ್ಲಿರುವಾಗ ಭಾರತದ ನ್ಯಾಯಾಲಯದಲ್ಲಿಯೇ ಬಿಡುಗಡೆ ಪಡೆಯುವುದು ತಡವಾದರೂ ಎರಡೂ ದೇಶಗಳಲ್ಲಿ ನಿಲ್ಲುವ ದಾರಿ.

ಮರಣ ಪ್ರಮಾಣಪತ್ರದ ಹೆಸರು

ಸಾವು ಮದುವೆಯನ್ನು ಅದೇ ಕ್ಷಣದಲ್ಲಿ ಮುಗಿಸುವುದರಿಂದ ಇಲ್ಲಿ ಕಾಯುವ ಅವಧಿಯಾಗಲಿ ಮೇಲ್ಮನವಿಯಾಗಲಿ ಇಲ್ಲ, ತೊಡಕು ಬರುವುದು ಗುರುತಿನಲ್ಲಿ. ಮೇಲಿನ ಪ್ರಕರಣದ ವಧು ವಿಧವೆಯೆಂದಿಟ್ಟುಕೊಂಡರೆ, ಮೊದಲ ಗಂಡನ ಮರಣ ಪ್ರಮಾಣಪತ್ರದಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮುಂದಿದ್ದು ಸ್ವಂತ ಹೆಸರು ಹಿಂದಿರುತ್ತದೆ. ಅವಳ ಹಳೆಯ ಪಾಸ್‌ಪೋರ್ಟಿನಲ್ಲಿ ಅದೇ ಗಂಡನ ಹೆಸರು ಅಕ್ಷರಗಳೆಲ್ಲ ಬಿಡಿಸಿ ಹಿಂದುಮುಂದಾಗಿ ಅಚ್ಚಾಗಿರುತ್ತದೆ. ಲಗ್ನಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಹೆಸರು. ಹಳೆಯ ನಮೂನೆಯ ಮರಣ ಪ್ರಮಾಣಪತ್ರಗಳಲ್ಲಿ ಸತ್ತ ಗಂಡಸಿನ ಹೆಂಡತಿಯ ಹೆಸರು ಹಲವೊಮ್ಮೆ ಇರುವುದೇ ಇಲ್ಲ, ತಂದೆತಾಯಿಯ ಹೆಸರಷ್ಟೇ ಇರುತ್ತದೆ. ಆಗ ಆ ಕಾಗದ ಯಾರೋ ಒಬ್ಬರು ಸತ್ತದ್ದನ್ನು ಹೇಳುತ್ತದೆಯೇ ಹೊರತು ಸತ್ತದ್ದು ಈಕೆಯ ಗಂಡನೆಂದು ಹೇಳುವುದಿಲ್ಲ. ಮೊದಲ ಮದುವೆಯ ಪ್ರಮಾಣಪತ್ರವನ್ನೋ, ಅದಿಲ್ಲದಿದ್ದರೆ ಇಬ್ಬರ ಹೆಸರೂ ಒಟ್ಟಿಗಿರುವ ಪಡಿತರ ಚೀಟಿ, ವಂಶವೃಕ್ಷ, ಪಿಂಚಣಿ ಆದೇಶದಂಥ ದಾಖಲೆಯನ್ನೋ ಜೊತೆಗಿಟ್ಟು ಈ ಎರಡರ ನಡುವೆ ಕೊಂಡಿ ಹಾಕಬೇಕು. ಹೆಸರು ತಪ್ಪಾಗಿಯೇ ನಮೂದಾಗಿದ್ದರೆ 1969ರ ಜನನ ಮರಣ ನೋಂದಣಿ ಕಾಯಿದೆಯ 15ನೇ ಕಲಮಿನಡಿ ನೋಂದಣಾಧಿಕಾರಿಯಿಂದಲೇ ತಿದ್ದಿಸಿಕೊಳ್ಳಬೇಕು. ಎರಡೂ ಹೆಸರು ಒಬ್ಬರದೇ ಎಂದು ಬರೆದ ಅಫಿಡವಿಟ್ ಪೂರಕವಾಗಬಲ್ಲುದು, ಬದಲಿಯಾಗಲಾರದು. ಸಾವಿನ ಕಾರಣವನ್ನು ಈ ಪ್ರಮಾಣಪತ್ರದಲ್ಲಿ ಬಹಿರಂಗಪಡಿಸಬಾರದೆಂದು ಅದೇ ಕಾಯಿದೆ ಹೇಳುವುದರಿಂದ ಕಾರಣ ಬರೆದಿಲ್ಲವೆಂದು ಕಳವಳಪಡಬೇಕಾಗಿಲ್ಲ.

ಸಾವನ್ನು 21 ದಿನಗಳೊಳಗೆ ತಿಳಿಸಬೇಕು. ತಿಳಿಸದೆ ಒಂದು ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ನೋಂದಣಿಯಾಗದು. ಗದ್ದೆ ಅಂಚಿನಲ್ಲಿ ದಹನ ಮಾಡಿ ಕಚೇರಿಗೆ ಹೋಗದೇ ಉಳಿದ ಎಷ್ಟೋ ಸಾವುಗಳು ಇಂಥ ಅರ್ಜಿ ಬಂದಾಗಲೇ ಬೆಳಕಿಗೆ ಬರುತ್ತವೆ. ಆದೇಶ ಪಡೆದು ತಡವಾಗಿ ನೋಂದಾಯಿಸಿದ ಪ್ರಮಾಣಪತ್ರದಲ್ಲಿ ಮರಣದ ದಿನಾಂಕ ಹಳೆಯದು, ನೋಂದಣಿಯ ದಿನಾಂಕ ಹೊಸದು; ಮದುವೆಯ ನಂತರ ನೋಂದಣಿಯಾದ ಸಾವನ್ನು ಅಧಿಕಾರಿ ಸಂಶಯದಿಂದ ನೋಡುವುದು ಅಸಹಜವಲ್ಲವಾದ್ದರಿಂದ ಆಸ್ಪತ್ರೆಯ ಅಥವಾ ಪೊಲೀಸ್ ದಾಖಲೆಯಂಥ ಆ ಕಾಲದ್ದೇ ಆದ ಕಾಗದವೊಂದು ಜೊತೆಗಿದ್ದರೆ ಮಾತು ಗಟ್ಟಿಯಾಗುತ್ತದೆ. ಯಾವ ದಾಖಲೆಯೂ ಸಿಗದಿದ್ದರೆ ಅದು ಲಭ್ಯವಿಲ್ಲವೆಂದು ಸಂಬಂಧಪಟ್ಟ ಕಚೇರಿಯೇ ಬರೆದುಕೊಟ್ಟ ಪತ್ರ ಮೊದಲು ಬೇಕು; ಅದಾದ ಮೇಲೆ ಇತರ ದಾಖಲೆಗಳು; ಅವೂ ಇಲ್ಲವೆಂದಾದಾಗ ಮಾತ್ರ, ಅರ್ಜಿಯಲ್ಲಿ ಪಕ್ಷಗಾರರಲ್ಲದ, ನಡೆದದ್ದನ್ನು ಸ್ವತಃ ಬಲ್ಲ ಇಬ್ಬರ ಅಫಿಡವಿಟ್‌ಗಳು. ಈ ಮೆಟ್ಟಿಲುಗಳನ್ನು ಹಾರಿ ಮೊದಲೇ ಅಫಿಡವಿಟ್ ಕಳಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು.

ಗಂಡ ಸತ್ತಿಲ್ಲ, ಬಿಟ್ಟಿಲ್ಲ, ಕಾಣೆಯಾಗಿದ್ದಾನೆ ಎಂಬುದು ಇನ್ನೊಂದು ಬಗೆ. ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಆ ವ್ಯಕ್ತಿ ಬದುಕಿದ್ದಾನೆಂದು ತೋರಿಸುವ ಹೊಣೆ ಹಾಗೆನ್ನುವವರ ಮೇಲೆ ಬೀಳುತ್ತದೆ. ಹಿಂದೆ ಸಾಕ್ಷ್ಯ ಕಾಯಿದೆಯ 108ನೇ ಕಲಮಿನಲ್ಲಿದ್ದ ಈ ಮಾತು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111ರಲ್ಲಿದೆ. ಏಳು ವರ್ಷ ತುಂಬಿದೊಡನೆ ಮದುವೆ ತಾನಾಗಿ ಕರಗುತ್ತದೆಂಬ ನಂಬಿಕೆ ತಪ್ಪು. ಸಿವಿಲ್ ನ್ಯಾಯಾಲಯದಿಂದ ಮರಣದ ಘೋಷಣೆಯನ್ನು ಪಡೆಯಬೇಕು, ಇಲ್ಲವೇ ಅದೇ ಕಾರಣದ ಮೇಲೆ ಹಿಂದೂ ವಿವಾಹ ಕಾಯಿದೆಯ 13ನೇ ಕಲಮಿನಡಿ ವಿಚ್ಛೇದನ ಪಡೆಯಬೇಕು. ವಿಚ್ಛೇದನ ಡಿಕ್ರಿಯ ದಿನದಿಂದ ಜಾರಿಗೆ ಬರುವುದರಿಂದ, ಮರುಮದುವೆಯ ದಿನ ಇನ್ನೂ ನಿಶ್ಚಯವಾಗದಿರುವಾಗ ಈ ಎರಡನೆಯ ದಾರಿಯಲ್ಲಿ ದಿನಾಂಕದ ಗೊಂದಲ ಕಡಿಮೆ.

ವಿಚ್ಛೇದನಕ್ಕೂ ಸಾವಿಗೂ ಅಮೆರಿಕದ ಕಾನೂನು ಒಂದು ಕಡೆ ಸ್ಪಷ್ಟವಾಗಿ ಭೇದ ಮಾಡುತ್ತದೆ. ಹಿಂದಿನ ಮದುವೆಯ ಮೂಲಕವೇ ಗ್ರೀನ್ ಕಾರ್ಡ್ ಪಡೆದವರು, ಇನ್ನೂ ಪೌರರಾಗದೆ, ಐದು ವರ್ಷಗಳೊಳಗೆ ಹೊಸ ಸಂಗಾತಿಗಾಗಿ ಅರ್ಜಿ ಹಾಕಿದರೆ ಆ ಹಿಂದಿನ ಮದುವೆ ವಲಸೆಗಾಗಿ ಹೂಡಿದ ನಾಟಕವಾಗಿರಲಿಲ್ಲವೆಂದು ಸ್ಪಷ್ಟ ಸಾಕ್ಷ್ಯದಿಂದ ಮನವರಿಕೆ ಮಾಡಿಕೊಡಬೇಕು. ಹಿಂದಿನ ಸಂಗಾತಿ ತೀರಿಕೊಂಡಿದ್ದರೆ ಈ ಹೊರೆಯಿಲ್ಲ, ಮರಣ ಪ್ರಮಾಣಪತ್ರವೇ ಸಾಕು.

ಅರ್ಜಿ ಅನುಮೋದನೆಯಾದ ಮೇಲೆ ಫಲಾನುಭವಿ ತುಂಬುವ ಡಿಎಸ್-260 ಎಂಬ ನಮೂನೆಯಲ್ಲಿ ಹಿಂದಿನ ಸಂಗಾತಿಗಳೆಲ್ಲರ ಹೆಸರು ಮತ್ತು ಮದುವೆ ಮುಗಿದ ಬಗೆಯನ್ನು ಮತ್ತೆ ಕೇಳಲಾಗುತ್ತದೆ, ಭಾರತದ ಬಹುಪಾಲು ಫಲಾನುಭವಿಗಳಿಗೆ ಸಂದರ್ಶನ ನಡೆಯುವ ಮುಂಬೈಯ ಅಮೆರಿಕನ್ ಕಾನ್ಸುಲೇಟಿಗೆ ಮೂಲ ಅಥವಾ ದೃಢೀಕೃತ ಪ್ರತಿಗಳನ್ನೇ ಒಯ್ಯಬೇಕಾಗುತ್ತದೆ. ಹೊಸ ಸಂಬಂಧದವರಿಗೆ ಮುಜುಗರವಾದೀತೆಂದು ಮೊದಲ ಮದುವೆಯನ್ನು ಬರೆಯದೆ ಬಿಡುವ ಮನೆಗಳುಂಟು. ಆ ಹೆಣ್ಣುಮಗಳು ಹಿಂದೊಮ್ಮೆ ಅದೇ ಗಂಡನ ಮೇಲೆ ಅವಲಂಬಿತಳಾಗಿ ಎಚ್-4 ವೀಸಾಗೆ ಅರ್ಜಿ ಹಾಕಿದ್ದರೆ ಅವನ ಹೆಸರು ಅಧಿಕಾರಿಯ ಪರದೆಯ ಮೇಲೆ ಆಗಲೇ ಇರುತ್ತದೆ. ದಾಖಲೆಯ ಕೊರತೆಯನ್ನು ತುಂಬಲು ಸಮಯ ಸಿಗುತ್ತದೆ, ಬೇಕೆಂದೇ ಮುಚ್ಚಿಟ್ಟದ್ದು ಸುಳ್ಳು ನಿರೂಪಣೆಯೆಂದು ತೀರ್ಮಾನವಾದರೆ ವಿನಾಯಿತಿ ದೊರೆಯದ ಹೊರತು ಅಮೆರಿಕದ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ಇದೇ ಮುಜುಗರದಿಂದ ಮದುವೆ ನೋಂದಣಿಯ ಅರ್ಜಿಯಲ್ಲಿಯೂ ವಿಚ್ಛೇದಿತೆ ಅಥವಾ ವಿಧವೆ ಎಂದಿರಬೇಕಾದ ಕಡೆ ಅವಿವಾಹಿತೆ ಎಂದು ಗುರುತು ಹಾಕಿರುವುದುಂಟು. ಅಂಥ ನೋಂದಣಿಯ ಪ್ರತಿಯೂ ಮೊದಲ ಮದುವೆಯ ಡಿಕ್ರಿಯೂ ಒಂದೇ ಲಕೋಟೆಯಲ್ಲಿ ಹೋದಾಗ ಎರಡರಲ್ಲಿ ಒಂದು ಸುಳ್ಳಾಗಲೇಬೇಕಾಗುತ್ತದೆ; ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಆ ನಮೂದನ್ನು ತಿದ್ದಿಸುವ ಕೆಲಸ ಐ-130 ಅಂಚೆಗೆ ಬೀಳುವ ಮೊದಲೇ ಮುಗಿದಿರಬೇಕು.